ಆರು ವರ್ಷ ಖಿನ್ನತೆ ಅಂದರು, ಈಗ ಬೈಪೋಲಾರ್ ಅನ್ನುತ್ತಿದ್ದಾರೆ

ಪ್ರಶ್ನೆ: ಡಾಕ್ಟರೇ, ನನ್ನ ತಂಗಿಗೆ 29 ವರ್ಷ. ಆರು ವರ್ಷದಿಂದ ಖಿನ್ನತೆ ಅಂತ ಮಾತ್ರೆ ತಗೊಳ್ತಿದ್ದಾಳೆ. ಮೂರು ಸಲ ಮಾತ್ರೆ ಬದಲಾಯಿಸಿದ್ದಾಯಿತು. ಸ್ವಲ್ಪ ದಿನ ಚೆನ್ನಾಗಿರ್ತಾಳೆ, ಮತ್ತೆ ಹಾಸಿಗೆ ಹಿಡೀತಾಳೆ. ಈಗ ಹೊಸ ಮನೋವೈದ್ಯರು ಒಂದು ಗಂಟೆ ಮಾತಾಡಿಸಿ ಇದು ಬೈಪೋಲಾರ್ ಟೈಪ್ 2 ಅಂದರು. ಖಿನ್ನತೆಯ ಮಾತ್ರೆ ನಿಧಾನವಾಗಿ ನಿಲ್ಲಿಸಿ ಲಿಥಿಯಂ ಶುರು ಮಾಡೋಣ ಅಂತಿದ್ದಾರೆ. ಅವಳು ಯಾವತ್ತೂ ಹುಚ್ಚುಚ್ಚಾಗಿ ಆಡಿದವಳಲ್ಲ. ಸ್ಕ್ಯಾನ್ ಇಲ್ಲ, ಪರೀಕ್ಷೆ ಇಲ್ಲ, ಬರೀ ಮಾತಾಡಿ ಹೇಗೆ ಹೇಳಿದರು? ಎರಡಕ್ಕೂ ನಿಜವಾಗಿ ಏನು ವ್ಯತ್ಯಾಸ? ಲಿಥಿಯಂ ಅಂದರೆ ಜೀವನಪೂರ್ತಿನಾ?

ಉತ್ತರ: ಮಾತಾಡಿಯೇ ಹೇಳಬೇಕು, ಬೇರೆ ದಾರಿ ಇಲ್ಲ. ಬೈಪೋಲಾರ್ ಇದೆಯೋ ಇಲ್ಲವೋ ಎಂದು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಂದಿಗೂ ಬಂದಿಲ್ಲ. ಥೈರಾಯ್ಡ್ ಪರೀಕ್ಷೆಯಂಥವನ್ನು ನಾವು ಮಾಡಿಸುವುದು ಬೇರೆ ಕಾಯಿಲೆ ಈ ವೇಷದಲ್ಲಿ ಬಂದಿಲ್ಲ ಎಂದು ಖಚಿತಪಡಿಸಿಕೊಳ್ಳಲು. ಹಾಗಾಗಿ ಒಂದು ಗಂಟೆ ಕೂತು ಕೇಳಿದ ವೈದ್ಯರು ಪರೀಕ್ಷೆ ಮಾಡದೆ ಬಿಟ್ಟರು ಅಂದುಕೊಳ್ಳಬೇಡಿ. ಆ ಒಂದು ಗಂಟೆಯೇ ಪರೀಕ್ಷೆ.

ಮೊದಲು ಒಂದು ವಿಷಯ. ಖಿನ್ನತೆಯ ಕಾಯಿಲೆಯಲ್ಲಿ ಬರುವ ಖಿನ್ನತೆಗೂ ಬೈಪೋಲಾರ್‌ನಲ್ಲಿ ಬರುವ ಖಿನ್ನತೆಗೂ ಮಾನದಂಡ ಒಂದೇ. ಕನಿಷ್ಠ ಎರಡು ವಾರ, ದಿನದ ಬಹುಪಾಲು, ಮನಸ್ಸು ಕುಗ್ಗಿರಬೇಕು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿರಬೇಕು. ಅದರ ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆ, ಸುಸ್ತು, ತಾನು ನಿಷ್ಪ್ರಯೋಜಕ ಎಂಬ ಭಾವನೆ, ಸಾವಿನ ಯೋಚನೆ ಮುಂತಾದವೂ ಸೇರಿ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು. ಇಂದು ಹಾಸಿಗೆಯಲ್ಲಿ ಮುಖ ಗೋಡೆಗೆ ತಿರುಗಿಸಿ ಮಲಗಿರುವ ನಿಮ್ಮ ತಂಗಿಯನ್ನು ನೋಡಿ ಯಾವ ನುರಿತ ವೈದ್ಯರೂ ಇದು ಎರಡರಲ್ಲಿ ಯಾವುದು ಎಂದು ಖಚಿತವಾಗಿ ಹೇಳಲಾರರು. ವ್ಯತ್ಯಾಸ ಇರುವುದು ಇವತ್ತಿನ ಸ್ಥಿತಿಯಲ್ಲಲ್ಲ, ಹಿಂದೆ ಎಂದಾದರೂ ಮನಸ್ಸು ಮೇಲಕ್ಕೆ ಹೋಗಿತ್ತೇ ಎಂಬುದರಲ್ಲಿ.

ಮೇಲಕ್ಕೆ ಹೋಗುವುದರಲ್ಲಿ ಎರಡು ಮಟ್ಟ. ಒಂದು ಉನ್ಮಾದ, ಅಂದರೆ ಮೇನಿಯಾ. ಒಂದು ವಾರ ಅಥವಾ ಹೆಚ್ಚು ಕಾಲ ವಿಪರೀತ ಉತ್ಸಾಹ ಇಲ್ಲವೇ ವಿಪರೀತ ಸಿಡುಕು, ಅದರ ಜೊತೆಗೆ ಎಲ್ಲಿಂದಲೋ ಬಂದ ಚೈತನ್ಯ. ಕೆಲಸ ಹೋಗುವಷ್ಟು, ಸಾಲ ತಲೆಮೇಲೆ ಬೀಳುವಷ್ಟು, ಕೆಲವೊಮ್ಮೆ ಆಸ್ಪತ್ರೆಗೆ ಸೇರಿಸಲೇಬೇಕಾಗುವಷ್ಟು ಬದುಕು ಏರುಪೇರಾಗುತ್ತದೆ. ಭ್ರಮೆಗಳೂ ಬರಬಹುದು. ಜೀವನದಲ್ಲಿ ಇಂಥದ್ದು ಒಂದೇ ಒಂದು ಸಲ ಬಂದಿದ್ದರೂ ಅದು ಬೈಪೋಲಾರ್ ಟೈಪ್ 1. ಇನ್ನೊಂದು ಹೈಪೋಮೇನಿಯಾ, ಅದೇ ಬಗೆಯ ಬದಲಾವಣೆ ಸೌಮ್ಯವಾಗಿ. ಕನಿಷ್ಠ ನಾಲ್ಕು ದಿನ ಸತತವಾಗಿರಬೇಕು, ಸುತ್ತಲಿನವರಿಗೆ ಕಾಣಿಸಬೇಕು, ಆದರೆ ಬದುಕು ಹಳಿ ತಪ್ಪಿರಬಾರದು, ಭ್ರಮೆ ಇರಬಾರದು. ಒಮ್ಮೆಯಾದರೂ ಹೈಪೋಮೇನಿಯಾ, ಒಮ್ಮೆಯಾದರೂ ಪೂರ್ಣ ಖಿನ್ನತೆ ಬಂದಿದ್ದು, ಮೇನಿಯಾ ಎಂದೂ ಬಂದಿಲ್ಲದಿದ್ದರೆ ಅದು ಟೈಪ್ 2. ಅಂದರೆ ‘ಯಾವತ್ತೂ ಹುಚ್ಚುಚ್ಚಾಗಿ ಆಡಿದವಳಲ್ಲ’ ಎಂಬ ನಿಮ್ಮ ಮಾತು ವೈದ್ಯರ ಮಾತಿಗೆ ವಿರುದ್ಧವಾಗಿಯೇನೂ ಇಲ್ಲ. ಹಾಗೆ ಆಡಿದ್ದರೆ ಅವರು ಟೈಪ್ 1 ಅನ್ನುತ್ತಿದ್ದರು.

ಇನ್ನು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ ಏಕೆ? ಟೈಪ್ 2 ಇರುವವರನ್ನು ಸರಾಸರಿ 13 ವರ್ಷ ಹಿಂಬಾಲಿಸಿ, ಪ್ರತಿ ವಾರದ ಮನಸ್ಥಿತಿಯನ್ನು ದಾಖಲಿಸಿದ ಅಮೆರಿಕದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅವರು ಸುಮಾರು ಅರ್ಧದಷ್ಟು ವಾರಗಳನ್ನು ಹೆಚ್ಚುಕಡಿಮೆ ಖಿನ್ನತೆಯ ಲಕ್ಷಣಗಳಲ್ಲಿ ಕಳೆದಿದ್ದರು. ಹೈಪೋಮೇನಿಯಾದಲ್ಲಿ ಕಳೆದ ವಾರಗಳು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ವರ್ಷಕ್ಕೆ ಲೆಕ್ಕ ಹಾಕಿದರೆ ಆರು ತಿಂಗಳ ಖಿನ್ನತೆಗೆ ಎದುರಾಗಿ ಒಂದು ವಾರವೂ ಪೂರ್ತಿ ಇಲ್ಲದ ಉತ್ಸಾಹ. ಆ ಒಂದು ವಾರದಲ್ಲಿ ಯಾರೂ ವೈದ್ಯರ ಹತ್ತಿರ ಬರುವುದಿಲ್ಲ. ಚೆನ್ನಾಗಿದ್ದೇನೆ ಎಂದು ಡಾಕ್ಟರ ಬಳಿ ಹೋಗುವವರು ಯಾರಿದ್ದಾರೆ? ತಿಂಗಳುಗಟ್ಟಲೆ ಕುಸಿದಿದ್ದವರು ಎದ್ದು ಓಡಾಡತೊಡಗಿದರೆ ಮನೆಯವರು ದೇವರಿಗೆ ಕೈ ಮುಗಿಯುತ್ತಾರೆಯೇ ಹೊರತು ಅದನ್ನು ರೋಗಲಕ್ಷಣ ಎಂದು ಬರೆದಿಡುವುದಿಲ್ಲ. ಬೈಪೋಲಾರ್ ಇರುವವರಲ್ಲಿ ಬಹಳಷ್ಟು ಮಂದಿಗೆ ಮೊದಲು ಖಿನ್ನತೆ ಎಂದೇ ಹೇಳಿರುತ್ತಾರೆ. ಸರಿಯಾದ ಹೆಸರು ಸಿಗುವಷ್ಟರಲ್ಲಿ ಐದು, ಹತ್ತು ವರ್ಷ ಕಳೆಯುವುದು ಅಪರೂಪವಲ್ಲ. ಮೊದಲ ವೈದ್ಯರು ತಪ್ಪು ಮಾಡಿದರು ಎಂದು ನಾನು ಸುಲಭವಾಗಿ ಹೇಳಲಾರೆ. ಮೊದಲ ಭೇಟಿಯ ಹೊತ್ತಿಗೆ ಹೈಪೋಮೇನಿಯಾ ಇನ್ನೂ ಬಂದೇ ಇರದಿದ್ದರೆ, ಆ ದಿನದ ಮಟ್ಟಿಗೆ ಖಿನ್ನತೆ ಎಂಬ ಉತ್ತರವೇ ಸರಿ.

ಆ ಒಂದು ಗಂಟೆಯಲ್ಲಿ ಏನು ನಡೆದಿರಬಹುದು ಎಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಇದು ಒಬ್ಬರ ಕಥೆಯಲ್ಲ, ನಾವು ಪದೇ ಪದೇ ನೋಡುವ ಚಿತ್ರವನ್ನು ಒಬ್ಬರ ಮೇಲೆ ಹಾಕಿ ಹೇಳುತ್ತಿದ್ದೇನೆ.

ಲೆಕ್ಕಪತ್ರದ ಕೆಲಸ ಮಾಡುವ 33ರ ಗಂಡಸು, ಹೆಂಡತಿಯ ಜೊತೆ ಬಂದಿದ್ದಾರೆ. ನಾಲ್ಕನೇ ಸಲದ ಖಿನ್ನತೆ. ಮೊದಲನೆಯದು 19ರಲ್ಲಿ ಬಂದಿತ್ತು. ಆಗ ದಿನಕ್ಕೆ ಹನ್ನೆರಡು ಗಂಟೆ ಮಲಗುತ್ತಿದ್ದರು, ಕೈಕಾಲು ಸೀಸ ತುಂಬಿದಂತೆ ಭಾರ. ಮೂರು ತಿಂಗಳ ನಂತರ ಒಂದೇ ವಾರದಲ್ಲಿ ಎದ್ದುಬಿಟ್ಟರು. ‘ಯಾವಾಗಲಾದರೂ ಅತಿಯಾಗಿ ಸಂತೋಷವಾಗಿ ಇದ್ದಿದ್ದುಂಟಾ?’ ಎಂದು ಕೇಳಿದರೆ ಉತ್ತರ ಇಲ್ಲ ಅಂತ. ಖಿನ್ನತೆಯ ಮಧ್ಯದಲ್ಲಿರುವವರಿಗೆ ಹಿಂದಿನ ಸಂತೋಷ ನೆನಪಿಗೇ ಬರುವುದಿಲ್ಲ, ಬಂದರೂ ಅದು ಸಹಜವಾಗಿದ್ದ ದಿನಗಳಂತೆ ಕಾಣುತ್ತದೆ. ಅದಕ್ಕೇ ನಾವು ಸಂತೋಷದ ಬಗ್ಗೆ ಕೇಳುವುದಕ್ಕಿಂತ ನಿದ್ರೆ ಮತ್ತು ಕೆಲಸದ ಬಗ್ಗೆ ಕೇಳುತ್ತೇವೆ. ‘ಮೂರು ನಾಲ್ಕು ಗಂಟೆ ಮಾತ್ರ ಮಲಗಿ, ಮರುದಿನ ಸ್ವಲ್ಪವೂ ಸುಸ್ತಿಲ್ಲದೆ ಓಡಾಡಿದ ದಿನಗಳು ಇದ್ದವಾ?’ ಅವರು ಯೋಚಿಸುತ್ತಿರುವಾಗಲೇ ಹೆಂಡತಿ ಹೇಳಿದರು: ‘ಅದೇ, ಆ ಮಾತ್ರೆ ಶುರುವಾದಾಗ.’

ಮೂರು ವರ್ಷದ ಹಿಂದೆ ವೆನ್ಲಾಫಾಕ್ಸಿನ್ ಎಂಬ ಖಿನ್ನತೆಯ ಮಾತ್ರೆ ಶುರು ಮಾಡಿದ ಆರನೇ ದಿನಕ್ಕೆ ಅವರು ಬದಲಾಗಿದ್ದರು. ರಾತ್ರಿ ಎರಡಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದರು. ತಿಂಗಳಿಂದ ಬಾಕಿ ಬಿದ್ದಿದ್ದ ಕಡತಗಳನ್ನು ಎರಡೇ ದಿನದಲ್ಲಿ ಮುಗಿಸಿದರು. ಹಳೆಯ ಗೆಳೆಯರಿಗೆಲ್ಲ ಸರಿರಾತ್ರಿ ಫೋನು. ಎದುರಿನವರು ಮಾತು ಮುಗಿಸುವ ಮೊದಲೇ ಇವರ ಮಾತು ಶುರು. ಸ್ವಂತ ಸಂಸ್ಥೆ ತೆರೆಯುತ್ತೇನೆಂದು ಮುಂಗಡ ಕೊಟ್ಟು ಬಂದರು, ಪ್ರಶ್ನಿಸಿದ ಹೆಂಡತಿಯ ಮೇಲೆ ಹರಿಹಾಯ್ದರು. ಒಟ್ಟು ಮೂರು ವಾರ. ಹನ್ನೆರಡನೇ ದಿನ ಮಾತ್ರೆ ನಿಲ್ಲಿಸಿದ ಮೇಲೂ ಒಂಬತ್ತು ದಿನ ಹಾಗೇ ಇದ್ದರು. ಆಮೇಲೆ ಹಿಂದಿನದಕ್ಕಿಂತ ಆಳವಾದ ಖಿನ್ನತೆ. ಅವರ ನೆನಪಿನಲ್ಲಿ ಉಳಿದಿರುವುದು ‘ಆ ಮಾತ್ರೆ ಒಂದೇ ನನಗೆ ಹಿಡಿಸಿದ್ದು’ ಎಂಬುದು. ಮತ್ತೆ ಕೆದಕಿದಾಗ 24ರಲ್ಲಿ, ಯಾವ ಮಾತ್ರೆಯೂ ಇಲ್ಲದೆ, ಹತ್ತು ದಿನ ಹೀಗೇ ಆಗಿದ್ದದ್ದು ಹೊರಬಂತು. ಸೋದರತ್ತೆಯೊಬ್ಬರು ಎರಡು ಸಲ ಆಸ್ಪತ್ರೆಗೆ ಸೇರಿದ್ದರಂತೆ, ಯಾಕೆಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಈ ಕಥೆಯಲ್ಲಿ ತೂಕ ಹೆಚ್ಚಿರುವುದು 24ರ ಆ ಹತ್ತು ದಿನಗಳಿಗೆ, ಏಕೆಂದರೆ ಅದಕ್ಕೆ ಮಾತ್ರೆಯನ್ನು ದೂರುವಂತಿಲ್ಲ. ಮಾತ್ರೆಯಿಂದ ಬಂದ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕಾದರೆ ಮಾತ್ರೆಯ ಪರಿಣಾಮ ಇಳಿದ ಮೇಲೂ ಅದು ಪೂರ್ಣರೂಪದಲ್ಲಿ ಮುಂದುವರಿದಿರಬೇಕು. ಖಿನ್ನತೆಯ ಮಾತ್ರೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ನಿಧಾನವಾಗಿ ಕೆಲಸ ಮಾಡುತ್ತವೆ. ಒಂದೇ ವಾರದೊಳಗೆ ನಿದ್ರೆ ಬೇಕೆನಿಸದಂಥ ಲವಲವಿಕೆ ಬಂದರೆ ‘ಮಾತ್ರೆ ಹಿಡಿಸಿತು’ ಎಂದು ನೆಮ್ಮದಿಪಡಬಾರದು. ಉಳಿದವು ಸುಳಿವುಗಳು: 25ರೊಳಗೆ ಶುರುವಾದದ್ದು, ಪದೇ ಪದೇ ಬಂದದ್ದು, ಥಟ್ಟನೆ ಬಂದು ಥಟ್ಟನೆ ಹೋದದ್ದು, ಅತಿನಿದ್ರೆ, ರಕ್ತಸಂಬಂಧಿಗಳಲ್ಲಿ ಬೈಪೋಲಾರ್, ಹಲವು ಮಾತ್ರೆಗಳು ಕೆಲಸ ಮಾಡದಿದ್ದದ್ದು. ಹೆರಿಗೆಯ ಬೆನ್ನಿಗೇ ತೀವ್ರ ಖಿನ್ನತೆ ಬಂದಿದ್ದರೆ ಅದೂ ಒಂದು. ಸುಳಿವು ಎಷ್ಟೇ ಇರಲಿ, ಹೈಪೋಮೇನಿಯಾದ ಇತಿಹಾಸ ಸಿಗದೆ ಟೈಪ್ 2 ಎನ್ನುವಂತಿಲ್ಲ. ಸುಳಿವುಗಳ ಕೆಲಸ ಇನ್ನೂ ಆಳವಾಗಿ ಕೇಳುವಂತೆ ಮಾಡುವುದು, ಅಷ್ಟೇ.

ಹಾಗಾಗಿ ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ: ಯಾವ ವರ್ಷ, ಯಾವ ದಿನಗಳನ್ನು ನೀವು ಹೈಪೋಮೇನಿಯಾ ಎಂದು ಪರಿಗಣಿಸಿದಿರಿ? ಅದಕ್ಕೆ ಸ್ಪಷ್ಟ ಉತ್ತರ ಇರಬೇಕು. ಬೈಪೋಲಾರ್ ತಪ್ಪಿಹೋಗುವಂತೆಯೇ ಇಲ್ಲದ ಬೈಪೋಲಾರ್ ಹಚ್ಚುವುದೂ ಉಂಟು. ಬೆಳಿಗ್ಗೆ ಕೋಪ, ಮಧ್ಯಾಹ್ನ ಅಳು, ಸಂಜೆ ನಗು ಎಂಬುದು ಬೈಪೋಲಾರ್ ಅಲ್ಲ. ಇಲ್ಲಿ ಏರಿಳಿತ ದಿನಗಳ, ವಾರಗಳ ಲೆಕ್ಕದಲ್ಲಿರುತ್ತದೆ, ಗಂಟೆಗಳದ್ದಲ್ಲ. ಬೈದರೆ ಕುಸಿದು ಹೊಗಳಿದರೆ ಅರಳುವ ಮನಸ್ಸು ಬೇರೆ ಬಗೆಯ ತೊಂದರೆಯಿರಬಹುದು. ಚಿಕ್ಕಂದಿನಿಂದ ಒಂದೇ ಸಮನೆ ಚಡಪಡಿಕೆ, ಅನ್ಯಮನಸ್ಕತೆ ಇದ್ದರೆ ಅದು ಎಡಿಎಚ್‌ಡಿ ಇದ್ದೀತು, ಏಕೆಂದರೆ ಹೈಪೋಮೇನಿಯಾಕ್ಕೆ ಶುರು ಮತ್ತು ಕೊನೆ ಇರುತ್ತದೆ. ಸ್ಟೀರಾಯ್ಡ್ ಮಾತ್ರೆ, ಮಾದಕ ಪದಾರ್ಥ, ಹೆಚ್ಚಾದ ಥೈರಾಯ್ಡ್ ಕೂಡ ಹೀಗೆ ಕುಣಿಸಬಲ್ಲವು. ಹದಿಮೂರು ಪ್ರಶ್ನೆಗಳ ಒಂದು ಪ್ರಶ್ನಾವಳಿ ಅಂತರ್ಜಾಲದಲ್ಲಿ ಎಲ್ಲೆಡೆ ಸಿಗುತ್ತದೆ, ಎಂಡಿಕ್ಯೂ ಅಂತ. ಅದು ವೈದ್ಯರ ಜೊತೆ ಮಾತು ತೆಗೆಯಲು ಒಳ್ಳೆಯದು, ಟೈಪ್ 2 ಅದರಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಅಂಕ ನೋಡಿ ತೀರ್ಮಾನಕ್ಕೆ ಬರಬೇಡಿ.

ಹೆಸರು ಬದಲಾದರೆ ಏನಂತೆ, ಖಿನ್ನತೆ ಖಿನ್ನತೆಯೇ ತಾನೇ ಎಂದು ನೀವು ಕೇಳಬಹುದು. ಚಿಕಿತ್ಸೆಯಲ್ಲಿ ಅಂತರ ದೊಡ್ಡದು. ಬರೀ ಖಿನ್ನತೆಯಾದರೆ ಸೌಮ್ಯ ಹಂತದಲ್ಲಿ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು, ಮಧ್ಯಮ ಮತ್ತು ತೀವ್ರ ಹಂತದಲ್ಲಿ ಸರ್ಟ್ರಲಿನ್, ಎಸ್ಸಿಟಲೋಪ್ರಾಮ್‌ನಂಥ ಮಾತ್ರೆ ಸೇರುತ್ತದೆ. ಮೊದಲ ಸಲದ ಖಿನ್ನತೆಯಾದರೆ ಗುಣವಾದ ಮೇಲೆ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ನಿಧಾನವಾಗಿ ನಿಲ್ಲಿಸಲು ನೋಡಬಹುದು. ಬೈಪೋಲಾರ್‌ನಲ್ಲಿ ಗುರಿಯೇ ಬೇರೆ. ಇವತ್ತಿನ ಖಿನ್ನತೆಯನ್ನು ಎತ್ತುವುದರ ಜೊತೆಗೆ ಮುಂದಿನ ಏರಿಕೆಯನ್ನೂ ಮುಂದಿನ ಕುಸಿತವನ್ನೂ ತಡೆಯಬೇಕು. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರು ಹೈಪೋಮೇನಿಯಾಕ್ಕೆ ಜಿಗಿಯುತ್ತಾರೆ, ಕೆಲವರಲ್ಲಿ ಏರಿಳಿತಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಹಳೆಯ ಟ್ರೈಸೈಕ್ಲಿಕ್ ಗುಂಪಿನ ಮಾತ್ರೆಗಳಲ್ಲಿ, ವೆನ್ಲಾಫಾಕ್ಸಿನ್‌ನಲ್ಲಿ ಈ ಅಪಾಯ ಜಾಸ್ತಿ. ಟೈಪ್ 1ರಲ್ಲಿ ಖಿನ್ನತೆಯ ಮಾತ್ರೆಗಳನ್ನು ಒಂಟಿಯಾಗಿ ಕೊಡಬಾರದು ಎಂಬುದರಲ್ಲಿ ಒಮ್ಮತವಿದೆ. ಟೈಪ್ 2ರಲ್ಲಿ ಕೆಲವರಿಗೆ ಕೊಡಬಹುದೇ ಎಂಬ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ನಿಮ್ಮ ತಂಗಿಗೆ ಮೂರು ಸಲ ಬದಲಾಯಿಸಿದರೂ ಮಾತ್ರೆಗಳು ಕೈಕೊಟ್ಟಿರುವುದರಿಂದ ನಾನಾದರೂ ಇನ್ನೊಂದರ ಹಿಂದೆ ಹೋಗುತ್ತಿರಲಿಲ್ಲ.

ಎಲ್ಲಕ್ಕಿಂತ ಕಾಳಜಿ ವಹಿಸಬೇಕಾದದ್ದು ಏರಿಕೆ, ಕುಸಿತ ಎರಡೂ ಒಟ್ಟಿಗೆ ಬರುವ ಸ್ಥಿತಿ. ಮನಸ್ಸು ಪಾತಾಳದಲ್ಲಿರುತ್ತದೆ, ಆದರೆ ತಲೆಯೊಳಗೆ ಯೋಚನೆಗಳು ಓಡುತ್ತಿರುತ್ತವೆ, ಕೂತಲ್ಲಿ ಕೂರಲಾಗುವುದಿಲ್ಲ, ನಿದ್ರೆ ಇಲ್ಲ, ಮುಟ್ಟಿದರೆ ಸಿಡಿಯುತ್ತಾರೆ. ಬರೀ ಖಿನ್ನತೆಯಲ್ಲಿ ಏನೂ ಮಾಡಲಾಗದಷ್ಟು ನಿತ್ರಾಣವಿರುತ್ತದೆ. ಇಲ್ಲಿ ಹತಾಶೆಯ ಜೊತೆ ಅದನ್ನು ಕಾರ್ಯಕ್ಕಿಳಿಸುವ ಕಸುವೂ ಸೇರಿಕೊಂಡಿರುತ್ತದೆ. ಆತ್ಮಹತ್ಯೆಯ ಅಪಾಯ ಹೆಚ್ಚಾಗುವುದು ಇಂಥ ಹೊತ್ತಿನಲ್ಲಿ. ತಂಗಿಯಲ್ಲಿ ಇದು ಕಂಡರೆ, ಸಾಯುವ ಮಾತು ಬಂದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಬ್ಬಳನ್ನೇ ಬಿಡಬೇಡಿ. ಮಾತ್ರೆಗಳು ನಿಮ್ಮ ಕೈಯಲ್ಲಿರಲಿ, ಏಕೆಂದರೆ ಲಿಥಿಯಂ ಒಟ್ಟಿಗೆ ನುಂಗಿದರೆ ಪ್ರಾಣಾಪಾಯ.

ಈಗ ಲಿಥಿಯಂ. ಇದೊಂದು ಸರಳ ಲವಣ. ಉನ್ಮಾದಕ್ಕೆ ಇದು ಕೆಲಸ ಮಾಡುತ್ತದೆ ಎಂದು 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ವರದಿ ಮಾಡಿದರು. ಅಷ್ಟು ಹಳೆಯದಾದರೂ ಏರಿಳಿತ ಮರುಕಳಿಸದಂತೆ ತಡೆಯುವುದರಲ್ಲಿ, ಆತ್ಮಹತ್ಯೆಯ ಅಪಾಯ ಕಡಿಮೆ ಮಾಡುವುದರಲ್ಲಿ ಇದಕ್ಕಿರುವಷ್ಟು ಪುರಾವೆ ಬೇರೆ ಮಾತ್ರೆಗಳಿಗೆ ಇಲ್ಲ. ತೊಡಕು ಏನೆಂದರೆ ಉಪಯೋಗದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವೆ ಜಾಗ ಕಡಿಮೆ. ಶುರು ಮಾಡುವ ಮೊದಲು ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆ ಆಗಬೇಕು. ಶುರುವಾದ ಒಂದು ವಾರದ ಹೊತ್ತಿಗೆ, ಆಮೇಲೆ ಡೋಸ್ ಬದಲಾದಾಗಲೆಲ್ಲ, ರಕ್ತದಲ್ಲಿ ಲಿಥಿಯಂ ಮಟ್ಟ ನೋಡಬೇಕು. ಕೊನೆಯ ಡೋಸ್ ತಗೊಂಡ ಸರಿಯಾಗಿ 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ಮಾತ್ರೆ ತಗೊಂಡರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಿಗ್ಗೆಯ ಮಾತ್ರೆ ನುಂಗಿ ಪರೀಕ್ಷೆಗೆ ಹೋದರೆ ಮಟ್ಟ ಸುಳ್ಳೇ ಜಾಸ್ತಿ ತೋರಿಸಿ, ಸುಮ್ಮನೆ ಡೋಸ್ ಇಳಿಸಿಬಿಡುತ್ತಾರೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇಟ್ಟುಕೊಳ್ಳುತ್ತೇವೆ, ಕೆಲವರಿಗೆ 1.0ವರೆಗೂ. ಸ್ಥಿರವಾದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಸಾಕು.

ಬೆರಳುಗಳಲ್ಲಿ ಸಣ್ಣ ನಡುಕ, ಬಾಯಾರಿಕೆ, ಹೆಚ್ಚು ಮೂತ್ರ, ಸ್ವಲ್ಪ ತೂಕ ಏರುವುದು ಬಹಳ ಜನರಿಗೆ ಆಗುತ್ತದೆ. ನಡುಕ ದೊಡ್ಡದಾಗಿ ಲೋಟ ಹಿಡಿಯಲಾಗದಂತಾದರೆ, ವಾಂತಿ ಭೇದಿ ಶುರುವಾದರೆ, ನಡಿಗೆ ಓಲಾಡಿದರೆ, ಮಾತು ತೊದಲಿದರೆ ಅದು ವಿಷದ ಲಕ್ಷಣ. ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೀಗಾಗುವುದು ಎಷ್ಟೋ ಸಲ ಸಣ್ಣ ಕಾರಣಕ್ಕೆ: ಜ್ವರ ಭೇದಿಯಲ್ಲಿ ದೇಹದ ನೀರು ಹೋದದ್ದು, ಉಪ್ಪು ಪೂರ್ತಿ ಬಿಟ್ಟದ್ದು, ಇಲ್ಲವೇ ಮೈಕೈ ನೋವಿಗೆ ತಾನೇ ಐಬುಪ್ರೊಫೇನ್ ತಗೊಂಡದ್ದು. ನೋವಿಗೆ ಪ್ಯಾರಾಸಿಟಮಾಲ್ ಸುರಕ್ಷಿತ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಲಿಥಿಯಂ ಏರಿಸುತ್ತವೆ. ಬೇರೆ ಯಾವ ವೈದ್ಯರ ಬಳಿ ಹೋದರೂ ಲಿಥಿಯಂ ತಗೊಳ್ಳುತ್ತಿದ್ದೇನೆ ಎಂಬುದು ಅವಳ ಮೊದಲ ಮಾತಾಗಿರಲಿ.

ಒಂದು ಪ್ರಶ್ನೆಯನ್ನು ವೈದ್ಯರಲ್ಲಿ ಎತ್ತಿ. ಲಿಥಿಯಂ ಮುಂದಿನ ಏರಿಳಿತ ತಡೆಯುವುದರಲ್ಲಿ ಗಟ್ಟಿ, ಆದರೆ ಈಗಿರುವ ಖಿನ್ನತೆಯನ್ನು ಬೇಗ ಎತ್ತುವುದರಲ್ಲಿ ಅಷ್ಟಿಲ್ಲ. ಟೈಪ್ 2ರ ಖಿನ್ನತೆಗೆ ಕ್ವೆಟಿಯಪಿನ್‌ಗೆ ಹೆಚ್ಚಿನ ಪುರಾವೆ ಇದೆ, ಬೆಲೆಯೆಂದರೆ ತೂಕಡಿಕೆ, ತೂಕ, ಸಕ್ಕರೆಯ ಏರಿಕೆ. ಲ್ಯಾಮೊಟ್ರಿಜಿನ್ ಮತ್ತೆ ಮತ್ತೆ ಖಿನ್ನತೆ ಬರುವವರಿಗೆ ಹಿಡಿಸುತ್ತದೆ, ಮಂಪರು ತರಿಸುವುದಿಲ್ಲ, ಆದರೆ ಅವಸರ ಮಾಡುವಂತಿಲ್ಲ. ಎರಡು ವಾರ 25 ಮಿಲಿಗ್ರಾಂ, ಮತ್ತೆ ಎರಡು ವಾರ 50, ಹೀಗೆ ಏರಿಸುತ್ತಾ ಹೋಗಬೇಕು. ಬೇಗ ಏರಿಸಿದರೆ ಚರ್ಮ ಸುಲಿದುಹೋಗುವಂಥ ಅಪಾಯಕಾರಿ ಅಲರ್ಜಿ ಬರಬಹುದು, ಮೈಮೇಲೆ ಗಂಧೆ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ವ್ಯಾಲ್‌ಪ್ರೊಯೇಟ್ ಎಂಬುದು ಮೇನಿಯಾಕ್ಕೆ ಒಳ್ಳೆಯ ಔಷಧಿ. ಆದರೆ ಗರ್ಭಿಣಿ ಅದನ್ನು ತಗೊಂಡರೆ ಹತ್ತರಲ್ಲಿ ಒಂದು ಮಗುವಿಗೆ ದೊಡ್ಡ ಅಂಗವೈಕಲ್ಯ ಬರುವ ಸಂಭವವಿದೆ, ಬುದ್ಧಿ ಬೆಳವಣಿಗೆಗೂ ಪೆಟ್ಟು. 29ರ ಹೆಣ್ಣುಮಗಳಿಗೆ ಸಾಧ್ಯವಾದಷ್ಟೂ ಅದು ಬೇಡ. ಲಿಥಿಯಂನಲ್ಲಿ ಮಗುವಿನ ಹೃದಯಕ್ಕೆ ಸಣ್ಣ ಪ್ರಮಾಣದ ಅಪಾಯವಿದೆ, ಹಾಗಾಗಿ ಮಗುವಿನ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿರಿ.

ಮಾತ್ರೆಯ ಜೊತೆ ಅವಳೇ ಮಾಡಬಹುದಾದ ಒಂದು ಕೆಲಸವಿದೆ. ಪ್ರತಿ ರಾತ್ರಿ ಒಂದು ಸಾಲು ಬರೆದಿಡುವುದು: ಎಷ್ಟು ಗಂಟೆ ನಿದ್ರೆ, ಮನಸ್ಸು ಕೆಳಗೆ ಮೂರರಿಂದ ಮೇಲೆ ಮೂರರವರೆಗೆ ಎಷ್ಟರಲ್ಲಿತ್ತು, ಮಾತ್ರೆ ತಗೊಂಡಳಾ. ಎರಡು ಮೂರು ತಿಂಗಳ ಪುಟಗಳನ್ನು ನೋಡಿದರೆ ರೋಗನಿರ್ಣಯ ಸರಿಯೇ ಎಂಬುದೂ ಮದ್ದು ಹಿಡಿಯುತ್ತಿದೆಯೇ ಎಂಬುದೂ ಒಟ್ಟಿಗೆ ಗೊತ್ತಾಗುತ್ತದೆ. ನಿದ್ರೆ ಎರಡು ರಾತ್ರಿ ಕಡಿಮೆಯಾಗಿ ಸುಸ್ತಿಲ್ಲದಿದ್ದರೆ ಅದು ಏರಿಕೆಯ ಮೊದಲ ಗುರುತಾಗಿರಬಹುದು, ಫೋನ್ ಮಾಡಿ. ಹೊತ್ತಿಗೆ ಸರಿಯಾಗಿ ಮಲಗಿ ಹೊತ್ತಿಗೆ ಸರಿಯಾಗಿ ಏಳುವುದನ್ನೇ ಕೇಂದ್ರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆಯೊಂದು ಬೈಪೋಲಾರ್‌ಗಾಗಿಯೇ ಇದೆ. ಮನೆಯವರನ್ನು ಸೇರಿಸಿಕೊಂಡು ಮಾಡುವ ಚಿಕಿತ್ಸೆಯೂ ಇದೆ, ಸಿಕ್ಕರೆ ಬಿಡಬೇಡಿ.

ಜೀವನಪೂರ್ತಿಯೇ ಎಂಬುದಕ್ಕೆ ಈಗಲೇ ಉತ್ತರ ಕೊಡುವ ಅಗತ್ಯವಿಲ್ಲ. ಲಿಥಿಯಂ ಎಲ್ಲರಿಗೂ ಹಿಡಿಸುವುದಿಲ್ಲ, ಹಿಡಿಸುತ್ತದೆಯೇ ಎಂದು ತಿಳಿಯಲು ಕನಿಷ್ಠ ಆರು ತಿಂಗಳು ಬೇಕು. ಹಿಡಿಸಿದರೆ ವರ್ಷಗಟ್ಟಲೆ ತಗೊಳ್ಳಬೇಕಾಗುತ್ತದೆ, ಎಷ್ಟೋ ಮಂದಿ ಹತ್ತಾರು ವರ್ಷ ತಗೊಳ್ಳುತ್ತಾರೆ. ಎಂದಾದರೂ ನಿಲ್ಲಿಸಬೇಕೆನಿಸಿದರೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ತಗೊಂಡು ಇಳಿಸಬೇಕು. ಚೆನ್ನಾಗಿದ್ದೇನಲ್ಲ ಎಂದು ಒಂದು ದಿನ ಥಟ್ಟನೆ ಬಿಟ್ಟರೆ, ಮುಂದಿನ ಕೆಲವು ತಿಂಗಳಲ್ಲಿ ಕಾಯಿಲೆ ಮರುಕಳಿಸುವ ಸಂಭವ ನಿಧಾನವಾಗಿ ಬಿಟ್ಟವರಿಗಿಂತ ಹೆಚ್ಚು.